ಅಜ್ಜನ ಮನೆಯ ಆಯಿಲ್ ಪೇಂಟಿಂಗ್ ಮಾರಬೇಕು: "ಸಹಿ ಇದೆ" ಅಂತ ಬರೆಯಬಹುದಾ?

ಮಳೆಬಿಲ್ಲು

ಎಲ್ಲರಿಗೂ ನಮಸ್ಕಾರ. ಅಜ್ಜ ತೀರಿಕೊಂಡ ಮೇಲೆ ನಮ್ಮ ಪಾಲಿಗೆ ಒಂದು ಹಳೇ ಆಯಿಲ್ ಪೇಂಟಿಂಗ್ ಬಂದಿದೆ. ಹೊಳೆ ದಂಡೆ, ಎರಡು ಮರ, ದೂರದಲ್ಲೊಂದು ದೋಣಿ. ಇಡಲು ಜಾಗವಿಲ್ಲ, ಆನ್‌ಲೈನ್‌ನಲ್ಲಿ ಮಾರೋಣ ಅಂತಿದ್ದೇನೆ. ಲಿಸ್ಟಿಂಗ್‌ಗೆ ಹೀಗೆ ಬರೆದುಕೊಂಡಿದ್ದೇನೆ:

"ಅಪರೂಪದ ಪುರಾತನ ತೈಲಚಿತ್ರ. ಹೆಸರಾಂತ ಕಲಾವಿದರ ಸಹಿ ಇದೆ. ಗಣ್ಯ ಮನೆತನದ ಸಂಗ್ರಹದಿಂದ ಬಂದದ್ದು. ವಯಸ್ಸಿಗೆ ತಕ್ಕ ಅಲ್ಪಸ್ವಲ್ಪ ಸವೆತ ಬಿಟ್ಟರೆ ಉತ್ತಮ ಸ್ಥಿತಿಯಲ್ಲಿದೆ. ಅಳತೆ 60 × 75 ಸೆಂ.ಮೀ."

ಸಹಿ ಪೂರ್ತಿ ಓದಲು ಬರುವುದಿಲ್ಲ. ಮೊದಲ ಮೂರು ಅಕ್ಷರ ಒಬ್ಬ ಹೆಸರಾಂತ ಕಲಾವಿದರ ಹೆಸರಿಗೆ ಹೊಂದುತ್ತವೆ. ಇಷ್ಟು ಬರೆದರೆ ಸಾಕಾ? ಇನ್ನೇನಾದರೂ ಸೇರಿಸಬೇಕಾ?

ಹಳೆಕುಂಚ

ಸೇರಿಸುವುದಕ್ಕಿಂತ ತೆಗೆಯುವುದೇ ಜಾಸ್ತಿ ಇದೆ ನೋಡಿ. ಬೇಜಾರು ಮಾಡಿಕೊಳ್ಳಬೇಡಿ. ಹಳೇ ಚಿತ್ರಗಳ ರಿಪೇರಿ ಕೆಲಸದಲ್ಲಿ ನನ್ನ ಅರ್ಧ ಆಯಸ್ಸು ಕಳೆದಿದೆ. ಇಂಥ ಲಿಸ್ಟಿಂಗ್ ನೋಡಿ ಕೊಂಡವರು ಆಮೇಲೆ ಚಿತ್ರ ಹೊತ್ತುಕೊಂಡು ನನ್ನ ಹತ್ತಿರ ಬರುತ್ತಿದ್ದರು.

ನಿಮ್ಮ ಐದು ವಾಕ್ಯದಲ್ಲಿ ನೀವೇ ಕಣ್ಣಾರೆ ನೋಡಿದ್ದು ಎಷ್ಟು, ಯಾರೋ ಹೇಳಿದ್ದು ಎಷ್ಟು, ಊಹೆ ಎಷ್ಟು? ಮೊದಲು ಅದನ್ನು ಬೇರೆ ಮಾಡಿ. ಕೆಲವು ಪ್ರಶ್ನೆ ಕೇಳುತ್ತೇನೆ. "ಗಣ್ಯ ಮನೆತನ" ಯಾವುದು, ಅದಕ್ಕೆ ಕಾಗದ ಏನಿದೆ? 60 × 75 ಅನ್ನುವುದು ಫ್ರೇಮ್ ಸೇರಿಸಿಯೋ, ಬರೀ ಚಿತ್ರದ್ದೋ? ಹಿಂಬದಿ ನೋಡಿದ್ದೀರಾ?

ಮಳೆಬಿಲ್ಲು

ಅಜ್ಜ ಅದನ್ನು ಒಂದು ದೊಡ್ಡ ಮನೆಯ ಸಾಮಾನು ಮಾರಾಟದಲ್ಲಿ ಕೊಂಡಿದ್ದರು ಅಂತ ಅಮ್ಮ ಹೇಳುತ್ತಾರೆ. ರಸೀದಿ ಇಲ್ಲ. ಅಳತೆ ಫ್ರೇಮ್ ಸೇರಿಸಿ. ಹಿಂಬದಿ ನೋಡಿಲ್ಲ, ಕಂದು ಕಾಗದ ಅಂಟಿಸಿದ್ದಾರೆ.

ಬೀರುಬಾಗಿಲು

ನನ್ನ ಹತ್ತಿರ ಒಂದು ಕಂಚಿನ ಕುದುರೆ ಇತ್ತು. ಕಪ್ಪಗಾಗಿದೆ ಅಂತ ಹುಳಿ ಹಾಕಿ ಉಜ್ಜಿ ಫಳಫಳ ಮಾಡಿ ಫೋಟೋ ಹಾಕಿದೆ. ಒಬ್ಬರೂ ತಿರುಗಿ ನೋಡಲಿಲ್ಲ! ಆಮೇಲೆ ಗೊತ್ತಾಯಿತು, ಆ ಕಪ್ಪು ಪದರಕ್ಕೇ ಬೆಲೆ ಅಂತೆ. ಹಾಗಾಗಿ ಫ್ರೇಮನ್ನು ಮಾತ್ರ ಪಾಲಿಷ್ ಮಾಡಬೇಡಿ.

ಮಳೆಬಿಲ್ಲು

ಫ್ರೇಮ್ ಪಾಲಿಷ್ ಬಗ್ಗೆ ನಾನು ಕೇಳಲೇ ಇಲ್ಲವಲ್ಲ 🙂 ಆದರೂ ಚಿತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸೋಣ ಅಂತಿದ್ದೆ. ಅದು ಸರಿನಾ?

ಹಳೆಕುಂಚ

ಬೇಡವೇ ಬೇಡ. ಒದ್ದೆ ಬಟ್ಟೆ, ಸೋಪು, ಹೆಚ್ಚಿದ ಆಲೂಗಡ್ಡೆ, ಬ್ರೆಡ್ ತುಣುಕು, ಯಾವುದೂ ಬೇಡ. ಬಿರುಕಿನೊಳಗೆ ನೀರು ಇಳಿದರೆ ಬಣ್ಣದ ಕೆಳಗಿನ ಪದರ ಉಬ್ಬುತ್ತದೆ, ಬಣ್ಣ ಏಳುತ್ತದೆ. ಕೊಳೆ ಇದ್ದರೆ "ಮೇಲೆ ಕೊಳೆ ಇದೆ, ಸ್ವಚ್ಛ ಮಾಡಿಲ್ಲ" ಅಂತ ಬರೆಯಿರಿ. ಅನುಭವ ಇರುವ ಖರೀದಿದಾರರಿಗೆ ಅದು ಒಳ್ಳೆಯ ಸುದ್ದಿಯೇ.

ಈಗ ಹಿಂಬದಿಗೆ ಬರೋಣ. ಅದಕ್ಕೂ ಮುಂಚೆ ಒಂದು ಕೆಲಸ. ಕೋಣೆ ಕತ್ತಲು ಮಾಡಿ, ಚಿತ್ರವನ್ನು ನಿಲ್ಲಿಸಿ, ಟಾರ್ಚನ್ನು ಒಂದು ಪಕ್ಕದಿಂದ ಚಿತ್ರದ ಮೈಯನ್ನು ಸವರುವಂತೆ ಹಾಯಿಸಿ. ನೇರ ಬೆಳಕಿನಲ್ಲಿ ಚಪ್ಪಟೆಯಾಗಿ ಕಾಣುವ ಚಿತ್ರ ಈ ಅಡ್ಡ ಬೆಳಕಿನಲ್ಲಿ ಬೇರೆಯೇ ಕಾಣುತ್ತದೆ. ಬಣ್ಣದ ಚೂರುಗಳ ಅಂಚು ಮೇಲಕ್ಕೆ ಎದ್ದು ನೆರಳು ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಅಂಥ ಚಿತ್ರವನ್ನು ಮಕಾಡೆ ಮಲಗಿಸಬಾರದು, ಚೂರುಗಳು ಬಟ್ಟೆಗೆ ಅಂಟಿ ಬರುತ್ತವೆ.

ಬಣ್ಣ ಗಟ್ಟಿಯಾಗಿದ್ದರೆ ಮೆತ್ತನೆಯ ಬಟ್ಟೆ ಹಾಸಿ, ಅದರ ಮೇಲೆ ಮಲಗಿಸಿ. ಹಿಂದಿನ ಕಂದು ಕಾಗದದ ಮೇಲೆ ಬರಹ, ಚೀಟಿ, ಮುದ್ರೆ ಏನಿದ್ದರೂ ಮೊದಲು ಫೋಟೋ ತೆಗೆಯಿರಿ. ಆಮೇಲೆ ಕಾಗದವನ್ನು ಅಂಚಿನಲ್ಲಿ ಕೊಯ್ದು ತೆಗೆಯಿರಿ. ಅದನ್ನೂ ಬಿಸಾಡಬೇಡಿ.

ದರಪಟ್ಟಿ

ನಾನು ಹನ್ನೆರಡು ವರ್ಷದಿಂದ ಹಳೇ ಸಾಮಾನು ಮಾರುತ್ತಿದ್ದೇನೆ. ಹಳೆಕುಂಚ ಸರ್ ಹೇಳುವುದೆಲ್ಲ ಸರಿ. ಆದರೆ ಇಷ್ಟೆಲ್ಲ ಹುಡುಕಿ ಇಷ್ಟೆಲ್ಲ ಬರೆದರೆ ಕೊಳ್ಳುವವರು ಓಡಿಹೋಗುತ್ತಾರೆ. "ಕೇಳಿದರೆ ಸ್ಥಿತಿಯ ವಿವರ ಕಳಿಸುತ್ತೇವೆ" ಅಂತ ಹಾಕಿದರೆ ಸಾಕು. ದೊಡ್ಡ ದೊಡ್ಡ ಹರಾಜಿನವರೂ ಹಾಗೇ ಮಾಡುತ್ತಾರೆ.

ಹಳೆಕುಂಚ

ಹರಾಜಿನವರ ಹತ್ತಿರ ಹರಾಜಿಗೆ ಮುಂಚೆ ಚಿತ್ರವನ್ನು ಹೋಗಿ ನೋಡಬಹುದು. ಇವರ ಖರೀದಿದಾರರಿಗೆ ಇರುವುದು ಬರೀ ಫೋಟೋ. ಅದೇ ವ್ಯತ್ಯಾಸ.

ದರಪಟ್ಟಿ

ಅದು ನಿಮ್ಮ ಅಭಿಪ್ರಾಯ. ಲಿಸ್ಟಿಂಗ್‌ನ ಮೊದಲ ಸಾಲಲ್ಲೇ "ಹರಿದಿತ್ತು" ಅಂತ ಬರೆದವರ ಮಾಲು ವರ್ಷಗಟ್ಟಲೆ ಬಿದ್ದಿರುವುದನ್ನು ನೋಡಿದ್ದೇನೆ.

ಮಳೆಬಿಲ್ಲು

ಬಿಚ್ಚಿ ನೋಡಿದೆ. ಬಣ್ಣ ಎಲ್ಲೂ ಎದ್ದಿಲ್ಲ. ಫ್ರೇಮ್ ಬಿಟ್ಟು ಚಿತ್ರ 46 ಸೆಂ.ಮೀ. ಎತ್ತರ, 61 ಸೆಂ.ಮೀ. ಅಗಲ. ಕ್ಯಾನ್ವಾಸನ್ನು ಮರದ ಪಟ್ಟಿಗಳಿಗೆ ಸಣ್ಣ ಮೊಳೆ ಹೊಡೆದು ಬಿಗಿದಿದ್ದಾರೆ. ಮೂಲೆಗಳಲ್ಲಿ ಪುಟ್ಟ ಬೆಣೆಗಳಿವೆ, ಒಂದು ಬೆಣೆ ಇಲ್ಲ. ಮೇಲಿನ ಪಟ್ಟಿಯಲ್ಲಿ ಅರ್ಧ ಹರಿದ ಚೀಟಿ ಇದೆ, "47" ಅನ್ನುವ ಅಂಕಿ ಮಾತ್ರ ಓದಬಹುದು.

ಇನ್ನೊಂದು ವಿಷಯ. ಹಿಂಬದಿ ನೋಡುವಾಗ ಮೇಲೆ ಎಡಗಡೆ ಒಂದು ಬಟ್ಟೆಯ ತೇಪೆ ಇದೆ, ಸುಮಾರು 4 × 5 ಸೆಂ.ಮೀ. ಕ್ಯಾನ್ವಾಸ್ ಮೇಲೆ ಬಣ್ಣದ ಅಂಗಡಿಯವರ ಮುದ್ರೆಯೂ ಇದೆ, ಹೆಸರು ಮತ್ತು ವಿಳಾಸದೊಂದಿಗೆ.

ಗುಂಡುಸೂಜಿ

ಮುದ್ರೆ ಇದ್ದರೆ ಕೆಲಸ ಮುಗೀತು! ಆ ಅಂಗಡಿ ಆ ವಿಳಾಸದಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ಅಂತ ಹುಡುಕಿ. ಅದೇ ಚಿತ್ರದ ವಯಸ್ಸು.

ಯು.ವಿ. ಟಾರ್ಚ್, ಅಂದರೆ ಅತಿನೇರಳೆ ಬೆಳಕಿನದು, ಹಾಕಿಯೂ ನೋಡಿ. ಕಪ್ಪು ಕಲೆ ಕಂಡರೆ ಚಿತ್ರ ನಕಲಿ ಅಂತ ಅರ್ಥ.

ಹಳೆಕುಂಚ

ಗುಂಡುಸೂಜಿ ಅವರೇ, ಎರಡೂ ಅರ್ಧ ಅರ್ಧ ಸರಿ.

ಮುದ್ರೆ ಹೇಳುವುದು ಕ್ಯಾನ್ವಾಸ್ ಯಾವಾಗ ಮಾರಾಟಕ್ಕೆ ಬಂತು ಅಂತ. ಚಿತ್ರ ಅದಕ್ಕಿಂತ ಹಿಂದಿನದಲ್ಲ, ಅಷ್ಟು ಮಾತ್ರ ಗಟ್ಟಿ. ಕ್ಯಾನ್ವಾಸ್ ಇಪ್ಪತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದು ಆಮೇಲೆ ಬಳಕೆಗೆ ಬಂದಿರಬಹುದು. ನಕಲಿ ಮಾಡುವವರು ಹಳೇ ಕ್ಯಾನ್ವಾಸನ್ನೇ ಹುಡುಕಿ ತರುತ್ತಾರೆ. ಅಂದಹಾಗೆ 46 × 61 ಅಂದರೆ 18 × 24 ಇಂಚು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಅಳತೆ. ಅದರಿಂದ ಏನೂ ಸಾಬೀತಾಗುವುದಿಲ್ಲ, ಆದರೆ ಕ್ಯಾನ್ವಾಸನ್ನು ಯಾರೂ ಕತ್ತರಿಸಿರಲಿಕ್ಕಿಲ್ಲ ಅನ್ನಿಸುತ್ತದೆ.

ಇನ್ನು ಯು.ವಿ. ಹಳೇ ಅಂಟಿನ ವಾರ್ನಿಷ್ ಆ ಬೆಳಕಿನಲ್ಲಿ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ವಾರ್ನಿಷ್ ಮೇಲೆ ಆಮೇಲೆ ಯಾರಾದರೂ ಬಣ್ಣ ಹಚ್ಚಿದ್ದರೆ ಅಲ್ಲಿ ಹೊಳಪು ಇರುವುದಿಲ್ಲ, ಕಡು ನೇರಳೆ ಅಥವಾ ಕಪ್ಪಾಗಿ ಕಾಣುತ್ತದೆ. ಅದು ರಿಪೇರಿಯ ಗುರುತು, ನಕಲಿಯ ಗುರುತಲ್ಲ. ಇನ್ನೂರು ವರ್ಷದ ಚಿತ್ರಕ್ಕೆ ರಿಪೇರಿ ಆಗಿಲ್ಲ ಅಂದರೇ ನನಗೆ ಆಶ್ಚರ್ಯ. ಉಲ್ಟಾ ತಪ್ಪೂ ಇದೆ. ಕಪ್ಪು ಕಾಣದಿದ್ದರೆ ರಿಪೇರಿಯೇ ಆಗಿಲ್ಲ ಅಂತಲ್ಲ. ರಿಪೇರಿಯ ಮೇಲೆ ಮತ್ತೆ ದಪ್ಪ ವಾರ್ನಿಷ್ ಹೊಡೆದಿದ್ದರೆ ಎಲ್ಲ ಒಂದೇ ಹಸಿರು ಮಂಜಿನಂತೆ ಕಂಡು ಕೆಳಗಿನದು ಮುಚ್ಚಿಹೋಗುತ್ತದೆ.

ಟಾರ್ಚ್ 365 ನ್ಯಾನೋಮೀಟರ್‌ದೇ ಬೇಕು. ಸುಲಭವಾಗಿ ಸಿಗುವ 395ರದ್ದು ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೇ ಜಾಸ್ತಿ ಚೆಲ್ಲುತ್ತದೆ. ಎಲ್ಲ ನೇರಳೆಯಾಗಿ ಕಂಡು ಸುಮ್ನೆ ಗೊಂದಲವಾಗುತ್ತದೆ. ಕಣ್ಣಿಗೆ ನೇರವಾಗಿ ಬಿಡಬೇಡಿ, ಅದಕ್ಕೆ ತಕ್ಕ ಕನ್ನಡಕ ಹಾಕಿಕೊಳ್ಳಿ.

ಮಳೆಬಿಲ್ಲು

ಗೆಳೆಯನ ಹತ್ತಿರ 365ರ ಟಾರ್ಚ್ ಸಿಕ್ಕಿತು. ಪೂರ್ತಿ ಹಸಿರು ಹಳದಿ. ಆಕಾಶದಲ್ಲಿ ಬಲಮೂಲೆಯ ಹತ್ತಿರ ಮಾತ್ರ ಕಪ್ಪು ಮೋಡದ ಥರ ಒಂದು ಜಾಗ. ಅಳೆದೆ, 9 × 6 ಸೆಂ.ಮೀ. ತೇಪೆ ಇರುವುದು 4 × 5. ರಿಪೇರಿ ತೇಪೆಗಿಂತ ದೊಡ್ಡದು ಯಾಕೆ?

ಹಳೆಕುಂಚ

ಆಕಾಶದಲ್ಲಿ ಯಾವಾಗಲೂ ಹಾಗೇ. ಹರಿದ ಜಾಗಕ್ಕೆ ಬಳಿದ ನೀಲಿ ಸುತ್ತಲಿನ ಹಳೇ ನೀಲಿಗೆ ಹೊಂದುವುದಿಲ್ಲ. ರಿಪೇರಿ ಮಾಡಿದವರು ಅಂಚು ಕಾಣದಿರಲಿ ಅಂತ ಬಣ್ಣವನ್ನು ಹೊರಗೆ ಹೊರಗೆ ಹರಡುತ್ತಾ ಹೋಗುತ್ತಾರೆ. ಅಂದರೆ ಅದರ ಕೆಳಗೆ ಚೆನ್ನಾಗಿರುವ ಮೂಲ ಬಣ್ಣ ಸ್ವಲ್ಪ ಇರಬಹುದು. ಹಾಗಂತ ನೀವು ಬರೆಯಬೇಡಿ, ನಿಮಗೆ ಕಂಡಿಲ್ಲ. "9 × 6 ಸೆಂ.ಮೀ. ಜಾಗದಲ್ಲಿ ಆಮೇಲೆ ಹಚ್ಚಿದ ಬಣ್ಣ ಇದೆ, ಹಿಂದೆ 4 × 5 ಸೆಂ.ಮೀ. ತೇಪೆ ಇದೆ" ಅಂತ ಎರಡು ಅಳತೆಯನ್ನೂ ಬರೆಯಿರಿ. ತಿಳಿದವರು ಉಳಿದದ್ದನ್ನು ಓದಿಕೊಳ್ಳುತ್ತಾರೆ. "ಅಲ್ಪಸ್ವಲ್ಪ ಸವೆತ" ಅಂದಿದ್ದರೆ ಇದರಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಈಗ ಸಹಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಬಿರುಕು ಎಲ್ಲಿ ಸಹಿಯನ್ನು ದಾಟುತ್ತದೋ ಅಲ್ಲೇ ನೋಡಿ. ಚಿತ್ರದ ಜೊತೆಗೇ ಹಾಕಿದ ಸಹಿಯಾದರೆ ಬಿರುಕು ಅಕ್ಷರವನ್ನೂ ಸೀಳಿಕೊಂಡು ಹೋಗಿರುತ್ತದೆ. ಬಿರುಕು ಬಿಟ್ಟ ಮೇಲೆ ಬರೆದದ್ದಾದರೆ ಬಣ್ಣ ಬಿರುಕಿನೊಳಗೆ ಇಳಿದಿರುತ್ತದೆ, ಕಾಗದದ ಮಡಿಕೆಯಲ್ಲಿ ಶಾಯಿ ಹರಡುತ್ತದಲ್ಲ, ಹಾಗೆ.

ಮಳೆಬಿಲ್ಲು

ಒಂದು ಗಂಟೆ ನೋಡಿದೆ. ಮೊದಲ ಮೂರು ಅಕ್ಷರದಲ್ಲಿ ಬಣ್ಣ ಬಿರುಕಿನೊಳಗೆ ಇಳಿದಿದೆ. ಸಂಶಯವೇ ಇಲ್ಲ, ಕಪ್ಪು ಗೆರೆ ಪಕ್ಕಕ್ಕೆ ಕವಲೊಡೆದಿದೆ. ಕೊನೆಯ ಅಕ್ಷರಗಳು ಮಾಸಿವೆ, ಆದರೆ ಅಲ್ಲಿ ಬಿರುಕು ಅಕ್ಷರವನ್ನು ಸೀಳಿದೆ. ಹಾಗಾದರೆ ಸಹಿ ಸುಳ್ಳಾ? ಅಜ್ಜ ಪಾಪ ಅದನ್ನೇ ತೋರಿಸಿ ಹೆಮ್ಮೆಪಡುತ್ತಿದ್ದರು.

ದರಪಟ್ಟಿ

ನೋಡಿದ್ರಾ, ಹುಡುಕಿ ಹುಡುಕಿ ನಿಮ್ಮ ಮಾಲಿನ ಬೆಲೆ ನೀವೇ ಇಳಿಸಿಕೊಂಡ್ರಿ.

ಹಳೆಕುಂಚ

ಸುಳ್ಳು ಅಂತ ಹೇಳುವುದಕ್ಕೂ ಆಗುವುದಿಲ್ಲ. ಎರಡು ದಾರಿ ಇದೆ. ಮೊದಲು ಬೇರೆ ಯಾರದೋ ಸಹಿ ಇತ್ತು, ಆಮೇಲೆ ಮುಂದಿನ ಅಕ್ಷರಗಳನ್ನು ಬದಲಿಸಿ ಹೆಸರಾಂತರ ಹೆಸರು ಮಾಡಿದರು. ಇಲ್ಲವೇ ಅದೇ ಸಹಿ ಮಾಸಿತ್ತು, ರಿಪೇರಿಯವರು ಅದರ ಮೇಲೇ ತಿದ್ದಿ ಗಟ್ಟಿ ಮಾಡಿದರು. ಎರಡನೆಯದೂ ಬಹಳ ಸಾಮಾನ್ಯ. ಭೂತಗನ್ನಡಿಯಿಂದ ಇದನ್ನು ತೀರ್ಮಾನಿಸಲು ಆಗುವುದಿಲ್ಲ.

ಮಾರಾಟದ ಭಾಷೆಯಲ್ಲಿ "ಸಹಿ ಮಾಡಿದ್ದಾರೆ" ಅಂದರೆ ಕಲಾವಿದರೇ ಮಾಡಿದ್ದು ಅಂತ ನೀವು ಹೇಳಿದ ಹಾಗೆ. "ಸಹಿಯ ಬರಹ ಇದೆ" ಅಂದರೆ ಅಕ್ಷರ ಇದೆ, ಯಾರ ಕೈ ಅಂತ ಹೇಳುತ್ತಿಲ್ಲ ಅಂತ. ನಿಮಗೆ ಎರಡನೆಯದು.

ಗುಂಡುಸೂಜಿ

ಹಾಗಾದರೆ "ಅವರದ್ದು ಇರಬಹುದು ಎನ್ನಲಾಗಿದೆ" ಅಂತ ಹಾಕಲಿ. ಅಥವಾ "ಅವರ ಶೈಲಿಯಲ್ಲಿ". ಸುಳ್ಳೂ ಅಲ್ಲ, ಹುಡುಕುವವರಿಗೂ ಸಿಗುತ್ತದೆ.

ಹಳೆಕುಂಚ

"ಎನ್ನಲಾಗಿದೆ" ಅಂದರೆ ಯಾರು ಅಂದರು? ಅಂಥ ಚಿತ್ರಗಳನ್ನು ಅಭ್ಯಾಸ ಮಾಡಿದವರು ನೋಡಿ ಹೇಳಿದ್ದರೆ ಅವರು ಯಾರು, ಯಾವಾಗ ಹೇಳಿದರು ಅಂತ ಬರೆಯಬೇಕು. ಯಾರೂ ಹೇಳಿಲ್ಲ. "ಶೈಲಿಯಲ್ಲಿ" ಅನ್ನುವುದು ಸ್ವಲ್ಪ ವಾಸಿ. ಆದರೆ ಆ ಹೆಸರನ್ನು ಶೀರ್ಷಿಕೆಯಲ್ಲಿ ಹಾಕಿದರೆ ಓದುವವರ ಕಣ್ಣಿಗೆ ಬೀಳುವುದು ಹೆಸರು ಮಾತ್ರ. ನಾನಾದರೆ ಶೀರ್ಷಿಕೆಯಲ್ಲೂ ಹುಡುಕು ಪದಗಳಲ್ಲೂ ಹಾಕುವುದಿಲ್ಲ.

ದರಪಟ್ಟಿ

ಇದನ್ನು ನಾನು ಒಪ್ಪುವುದಿಲ್ಲ. ಮೂರು ಅಕ್ಷರ ಕಾಣುತ್ತಿದೆ, ಅದನ್ನು ಇದ್ದಂತೆ ಬರೆದು ಪಕ್ಕದಲ್ಲಿ ಹತ್ತಿರದ ಫೋಟೋ ಇಟ್ಟರೆ ಮೋಸ ಎಲ್ಲಿಂದ ಬಂತು? ಕೊಳ್ಳುವವರೂ ದೊಡ್ಡವರೇ.

ಹಳೆಕುಂಚ

ಅಕ್ಷರ ಬರೆಯಲಿ, ಫೋಟೋ ಇಡಲಿ, ಅದಕ್ಕೆ ನನ್ನ ತಕರಾರಿಲ್ಲ. ಅಕ್ಷರಕ್ಕೆ ಪೂರ್ತಿ ಹೆಸರು ಜೋಡಿಸುವುದಕ್ಕೆ ತಕರಾರು.

ಹುಣಸೆಬೀಜ

ನಾನು ಕೊಳ್ಳುವ ಕಡೆಯವಳು. ನನಗೆ ಸಹಿಗಿಂತ ಮುಖ್ಯ, ಇಷ್ಟು ದಿನ ಇದು ಎಲ್ಲಿತ್ತು ಅನ್ನುವುದು. ಮನೆಯಲ್ಲಿ ಹಳೇ ಫೋಟೋ ಆಲ್ಬಮ್ ಇದ್ದರೆ ಹುಡುಕಿ ನೋಡಿ. ಮದುವೆ, ಹುಟ್ಟುಹಬ್ಬದ ಫೋಟೋಗಳ ಹಿಂದಿನ ಗೋಡೆ ನೋಡಿ. ರಸೀದಿ ಇಲ್ಲದ ಎಷ್ಟೋ ವಸ್ತುಗಳಿಗೆ ಗೋಡೆಯೇ ಸಾಕ್ಷಿ.

ಮಳೆಬಿಲ್ಲು

ಸಿಕ್ಕಿತು!! ದೊಡ್ಡಮ್ಮ ತೊಟ್ಟಿಲಲ್ಲಿರುವ ಫೋಟೋ, ಹಿಂದೆ ಗೋಡೆ ಮೇಲೆ ಇದೇ ಚಿತ್ರ. ಫೋಟೋದ ಬೆನ್ನಲ್ಲಿ ಅಜ್ಜನ ಕೈಬರಹದಲ್ಲಿ "1958" ಅಂತ ಇದೆ.

ಹಳೆಕುಂಚ

ಚೆನ್ನಾಗಿದೆ. ಆದರೆ ಇದೇ ಚಿತ್ರ ಅಂತ ಹೇಗೆ ಗೊತ್ತು? ಹೊಳೆ ಮತ್ತು ಎರಡು ಮರ ಇರುವ ಚಿತ್ರಗಳು ಲೆಕ್ಕವಿಲ್ಲದಷ್ಟಿವೆ. ಎರಡು ಮೂರು ಗುರುತು ಹೊಂದಿಸಿ ನೋಡಿ.

ಮಳೆಬಿಲ್ಲು

ಎಡ ಮರದ ಮುರಿದ ಕೊಂಬೆಯ ಆಕಾರ ಒಂದೇ. ಫ್ರೇಮಿನ ಕೆಳಗಿನ ಬಲಮೂಲೆಯಲ್ಲಿ ಹೂವಿನ ಕೆತ್ತನೆಯ ಒಂದು ಎಸಳು ಮುರಿದಿದೆ, ಫೋಟೋದಲ್ಲೂ ಅದೇ ಎಸಳು ಇಲ್ಲ. ಆಕಾಶದ ಬಲಗಡೆ ಮಾತ್ರ ಬೆಳಕು ಬಿದ್ದು ಬೆಳ್ಳಗಾಗಿದೆ, ಅಲ್ಲಿ ಹರಿದಿತ್ತೋ ಇಲ್ಲವೋ ಕಾಣುವುದಿಲ್ಲ.

ಹಳೆಕುಂಚ

ಆ ಎಸಳು ಒಂದೇ ಸಾಕು. ಮುರಿದ ಎಸಳನ್ನು ದೋಷದ ಪಟ್ಟಿಯಲ್ಲೂ ಹಾಕಿ, ಗುರುತಾಗಿಯೂ ಹಾಕಿ. ಈಗ ನಿಮ್ಮ ಸರಪಳಿಯ ಗಟ್ಟಿ ಕೊಂಡಿ 1958. ಅದಕ್ಕಿಂತ ಹಿಂದೆ ಏನೂ ಇಲ್ಲ. ಖಾಲಿ ಇದ್ದದ್ದನ್ನು ಖಾಲಿ ಅಂತಲೇ ಬರೆಯಿರಿ. "ದೊಡ್ಡ ಮನೆಯ ಮಾರಾಟ" ಅನ್ನುವುದು ಅಮ್ಮನ ಮಾತು, "ಮನೆಯವರು ಹೇಳುವಂತೆ" ಅಂತ ಸೇರಿಸಿ ಹಾಕಿ. "ಗಣ್ಯ" ತೆಗೆಯಿರಿ. "ಪುರಾತನ"ವನ್ನೂ ತೆಗೆಯಿರಿ. ಮಾರುಕಟ್ಟೆಯಲ್ಲಿ ಆ ಪದಕ್ಕೆ ಸಾಮಾನ್ಯವಾಗಿ ನೂರು ವರ್ಷ ದಾಟಿರಬೇಕು ಅನ್ನುತ್ತಾರೆ, ಅದಕ್ಕೆ ನಿಮ್ಮ ಹತ್ತಿರ ಪುರಾವೆ ಇಲ್ಲ.

ಹೊರದೇಶಕ್ಕೆ ಕಳಿಸುವುದಾದರೆ ನಿಮ್ಮ ದೇಶದ ಕಾನೂನು ಮೊದಲು ನೋಡಿ. ಹಳೇ ಕಲಾವಸ್ತುಗಳನ್ನು ಅನುಮತಿ ಇಲ್ಲದೆ ಹೊರಗೆ ಕಳಿಸಲು ಎಷ್ಟೋ ದೇಶಗಳು ಬಿಡುವುದಿಲ್ಲ.

ಹುಣಸೆಬೀಜ

ಇನ್ನೊಂದು ಮಾತು. ಆ ತೊಟ್ಟಿಲ ಫೋಟೋವನ್ನು ಇಡಿಯಾಗಿ ಹಾಕಬೇಡಿ. ಮನೆಯವರ ಮುಖ, ಹೆಸರು ಯಾಕೆ ಬೇಕು? ಗೋಡೆಯ ಭಾಗ ಮಾತ್ರ ಕತ್ತರಿಸಿ ಹಾಕಿ, ಮೂಲ ಫೋಟೋ ಕೊಂಡವರಿಗೆ ತೋರಿಸುತ್ತೇವೆ ಅಂತ ಬರೆಯಿರಿ.

ಮಳೆಬಿಲ್ಲು

ಎಲ್ಲರ ಮಾತು ಕೇಳಿ ಮತ್ತೆ ಬರೆದಿದ್ದೇನೆ. ದರಪಟ್ಟಿ ಅವರೇ, ನೀವು ಹೇಳಿದ್ದರಲ್ಲೂ ಒಂದು ತೆಗೆದುಕೊಂಡಿದ್ದೇನೆ, ಮೊದಲ ಸಾಲಲ್ಲಿ ಚಿತ್ರವೇ ಇದೆ, ದೋಷ ಆಮೇಲೆ ಬರುತ್ತದೆ.

"ಹೊಳೆ ದಂಡೆ, ಎರಡು ಮರ ಮತ್ತು ದೋಣಿ. ಕ್ಯಾನ್ವಾಸ್ ಮೇಲೆ ತೈಲವರ್ಣ. ಚಿತ್ರ 46 × 61 ಸೆಂ.ಮೀ., ಫ್ರೇಮ್ ಸೇರಿ 60 × 75 ಸೆಂ.ಮೀ., ಎತ್ತರ ಮೊದಲು. ಕೆಳಗೆ ಬಲಗಡೆ ಸಹಿಯ ಬರಹ ಇದೆ. ಮೊದಲ ಮೂರು ಅಕ್ಷರಗಳ ಬಣ್ಣ ಬಿರುಕಿನೊಳಗೆ ಇಳಿದಿದೆ, ಅಂದರೆ ಅವು ಆಮೇಲೆ ಬರೆದವು ಅಥವಾ ತಿದ್ದಿದವು. ಉಳಿದವು ಮಾಸಿವೆ. ಕಲಾವಿದರು ಯಾರು ಅಂತ ನಾವು ಹೇಳುತ್ತಿಲ್ಲ.

ಎಲ್ಲಿಂದ ಬಂತು: ಕನಿಷ್ಠ 1958ರಿಂದ ನಮ್ಮ ಮನೆಯಲ್ಲಿದೆ, ಆ ಕಾಲದ ಫೋಟೋದಲ್ಲಿ ಗೋಡೆ ಮೇಲೆ ಕಾಣುತ್ತದೆ, ಫ್ರೇಮಿನ ಮುರಿದ ಎಸಳು ಅದರಲ್ಲೂ ಹಾಗೇ ಇದೆ. ಮನೆಯವರು ಹೇಳುವಂತೆ ಸಾಮಾನು ಮಾರಾಟವೊಂದರಲ್ಲಿ ಕೊಂಡದ್ದು. ರಸೀದಿ ಇಲ್ಲ. ಅದಕ್ಕಿಂತ ಹಿಂದಿನದಕ್ಕೆ ದಾಖಲೆ ಇಲ್ಲ. ಹಿಂದೆ ಕ್ಯಾನ್ವಾಸ್ ಅಂಗಡಿಯ ಮುದ್ರೆ, '47' ಎಂಬ ಅಂಕಿಯ ಹರಿದ ಚೀಟಿ ಇವೆ.

ಸ್ಥಿತಿ: ಫ್ರೇಮಿನಿಂದ ಹೊರತೆಗೆದು ಹಗಲು ಬೆಳಕು, ಅಡ್ಡ ಬೆಳಕು, ಯು.ವಿ. ಮೂರರಲ್ಲೂ ನೋಡಿದ್ದೇವೆ. ವಾರ್ನಿಷ್ ಹಳದಿಯಾಗಿದೆ, ಮೇಲೆ ಕೊಳೆ ಇದೆ, ಸ್ವಚ್ಛ ಮಾಡಿಲ್ಲ. ಎಲ್ಲ ಕಡೆ ಸಣ್ಣ ಬಿರುಕು, ಬಣ್ಣ ಎದ್ದಿಲ್ಲ. ಆಕಾಶದಲ್ಲಿ ಮೇಲೆ ಎಡಗಡೆ ಹಳೇ ರಿಪೇರಿ: ಹಿಂದೆ 4 × 5 ಸೆಂ.ಮೀ. ತೇಪೆ, ಮುಂದೆ 9 × 6 ಸೆಂ.ಮೀ. ಜಾಗದಲ್ಲಿ ಆಮೇಲೆ ಹಚ್ಚಿದ ಬಣ್ಣ. ವಾರ್ನಿಷ್ ಕೆಳಗೆ ಬೇರೆ ರಿಪೇರಿ ಇದ್ದರೆ ನಮಗೆ ಕಂಡಿಲ್ಲ. ಒಂದು ಬೆಣೆ ಇಲ್ಲ."

ಜೊತೆಗೆ ಹನ್ನೊಂದು ಫೋಟೋ. ದೋಷದ ಪಕ್ಕದಲ್ಲಿ ಸ್ಕೇಲ್ ಇಟ್ಟಿದ್ದೇನೆ. ಬಣ್ಣ ಗೊತ್ತಾಗಲಿ ಅಂತ ಒಂದರಲ್ಲಿ ಬಿಳಿ ಕಾಗದವನ್ನೂ ಹಿಡಿದಿದ್ದೇನೆ.

ಹಳೆಕುಂಚ

ಹಾಕಿ. ನನಗೆ ಇಷ್ಟು ಸಾಕು.

ದರಪಟ್ಟಿ

ಉದ್ದ ಆಯಿತು. ಆದರೂ ಓದಿಸಿಕೊಂಡು ಹೋಗುತ್ತದೆ, ಒಪ್ಪಿದೆ. ಮೂರು ಅಕ್ಷರ ಯಾವುದು ಅಂತ ಬರೆಯದೇ ಬಿಟ್ಟದ್ದು ಮಾತ್ರ ತಪ್ಪು, ಈಗಲೂ ಅದನ್ನೇ ಹೇಳುತ್ತೇನೆ.

ಬೀರುಬಾಗಿಲು

ನನ್ನ ಕುದುರೆಯ ಲಿಸ್ಟಿಂಗ್‌ನಲ್ಲೂ "ಉಜ್ಜಿದ್ದೇನೆ" ಅಂತ ಬರೆಯಬೇಕಾ ಹಾಗಾದರೆ?

ಹಳೆಕುಂಚ

ಬರೆಯಲೇಬೇಕು. ಯಾವುದರಿಂದ ಉಜ್ಜಿದಿರಿ ಅಂತಲೂ.

ಮಳೆಬಿಲ್ಲು

ನಾಲ್ಕು ದಿನ ಆಯಿತು, ಎರಡು ಸಂದೇಶ ಬಂದಿವೆ. ಒಬ್ಬರು ಕೇಳಿದ್ದು ಒಂದೇ, "ಕಲಾವಿದ ಯಾರು?" ಲಿಸ್ಟಿಂಗ್ ಓದಿಯೇ ಇಲ್ಲ.

ಇನ್ನೊಬ್ಬರು ಕೇಳಿದ್ದಕ್ಕೆ ನನಗೆ ನಾಚಿಕೆ ಆಯಿತು. "ರಿಪೇರಿ ಎಡಗಡೆ ಅಂತ ಬರೆದಿದ್ದೀರಿ, ಯು.ವಿ. ಫೋಟೋದಲ್ಲಿ ಕಪ್ಪು ಇರುವುದು ಬಲಗಡೆ. ಎರಡು ರಿಪೇರಿ ಇದೆಯಾ?" ಅಂತ. ತೇಪೆ ಎಡಗಡೆ ಕಂಡದ್ದು ಹಿಂಬದಿ ನೋಡುವಾಗ ಅಲ್ವಾ, ಮುಂದಿನಿಂದ ಅದು ಬಲಗಡೆ! ಅದನ್ನೇ ಕಣ್ಣುಮುಚ್ಚಿ ಬರೆದುಬಿಟ್ಟಿದ್ದೆ. ಇಲ್ಲಿ ಇಷ್ಟು ಜನ ಓದಿದರೂ ಯಾರೂ ಹಿಡಿಯಲಿಲ್ಲ.

ಈಗ ಸ್ಕೇಲ್ ಹಿಡಿದು ಅಳೆದು ತಿದ್ದಿದ್ದೇನೆ: "ಮುಂದಿನಿಂದ ನೋಡುವಾಗ ಬಲ ಅಂಚಿನಿಂದ 11 ಸೆಂ.ಮೀ., ಮೇಲಿನ ಅಂಚಿನಿಂದ 8 ಸೆಂ.ಮೀ." ಅವರಿಗೂ ಬರೆದು ಕಳಿಸಿದೆ. ಅಡ್ಡ ಬೆಳಕಿನಲ್ಲಿ ಹಿಂಬದಿಯ ಇನ್ನೊಂದು ಫೋಟೋ ಬೇಕಂತೆ, ಇವತ್ತು ರಾತ್ರಿ ತೆಗೆಯುತ್ತೇನೆ.